ಒಂದು ಮಾರು ದೂರ: ರೇಡಿಯೋ ಅಯೋಡಿನ್ ತೆಗೆದುಕೊಂಡು ಮನೆಗೆ ಬಂದವರಿಗೆ

ಹೋದ ವರ್ಷ ನಮ್ಮ ಅಕ್ಕನಿಗೆ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಯಿತು. ಪ್ಯಾಪಿಲರಿ ಅನ್ನುವ ಜಾತಿ. ಎರಡು ತಿಂಗಳ ಮೇಲೆ 100 ಮಿಲಿಕ್ಯೂರಿ ರೇಡಿಯೋ ಅಯೋಡಿನ್ ಕೊಟ್ಟರು. ಅವಳ ಮನೆ ಜಮಖಂಡಿ ಹತ್ತಿರದ ಒಂದು ಹಳ್ಳಿಯಲ್ಲಿದೆ. ಹಳೆಯ ಕಲ್ಲಿನ ಮನೆ. ಮನೆಯಲ್ಲಿ ಅತ್ತೆ, ಗಂಡ, ಒಂಬತ್ತು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ಆಸ್ಪತ್ರೆಯವರು ಕೈಗೆ ಕೊಟ್ಟ ಸೂಚನೆಗಳ ಹಾಳೆ ಚೆನ್ನಾಗಿಯೇ ಇತ್ತು. ಆದರೆ ಅದು ಎರಡು ಬೆಡ್‌ರೂಮ್, ಎರಡು ಬಾತ್‌ರೂಮ್ ಇರುವ ಮನೆಗೆ ಬರೆದ ಹಾಳೆ. ನಮ್ಮ ಕಡೆಯ ಮನೆಗೆ ಅದನ್ನು ಹೇಗೆ ಹೊಂದಿಸಬೇಕು ಅಂತ ಅಕ್ಕನ ಜೊತೆ ಓಡಾಡಿದ ನಾನೇ ಕೂತು ಲೆಕ್ಕ ಹಾಕಬೇಕಾಯಿತು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹಾಳೆಯಲ್ಲಿ ಬೇರೆ ದಿನಗಳ ಸಂಖ್ಯೆ ಇದ್ದರೆ ಅದನ್ನೇ ಪಾಲಿಸಿ. ಅದು ನಿಮ್ಮ ಡೋಸ್ ನೋಡಿ ಬರೆದದ್ದು.

ಈ ಔಷಧ ಮೈಯಲ್ಲಿ ಏನು ಮಾಡುತ್ತದೆ

ಥೈರಾಯ್ಡ್ ಹಾರ್ಮೋನ್ ತಯಾರಾಗುವುದೇ ಅಯೋಡಿನ್‌ನಿಂದ. ಅದಕ್ಕೆ ರಕ್ತದಲ್ಲಿ ಹರಿಯುವ ಅಯೋಡಿನ್ ಅನ್ನು ಥೈರಾಯ್ಡ್ ಜೀವಕೋಶಗಳು ಎಳೆದು ಒಳಗೆ ಇಟ್ಟುಕೊಳ್ಳುತ್ತವೆ. ಪ್ಯಾಪಿಲರಿ, ಫಾಲಿಕ್ಯುಲರ್ ಜಾತಿಯ ಕ್ಯಾನ್ಸರ್ ಕೋಶಗಳಿಗೂ ಸಾಮಾನ್ಯವಾಗಿ ಈ ಗುಣ ಇರುತ್ತದೆ. ಮೆಡುಲ್ಲರಿ ಜಾತಿಗೆ ಇರುವುದಿಲ್ಲ. ಹಾಗಾಗಿ ಅಂಥವರಿಗೆ ಈ ಔಷಧ ಕೆಲಸಕ್ಕೆ ಬರುವುದಿಲ್ಲ.

ಡಾಕ್ಟರ್ ಎಷ್ಟೇ ಜಾಣ್ಮೆಯಿಂದ ಆಪರೇಷನ್ ಮಾಡಿದರೂ ಧ್ವನಿಯ ನರದ ಪಕ್ಕದಲ್ಲಿ ಒಂದಿಷ್ಟು ಥೈರಾಯ್ಡ್ ಚೂರು ಉಳಿಯಬಹುದು. ರೇಡಿಯೋ ಅಯೋಡಿನ್, ಅಂದರೆ ಅಯೋಡಿನ್-131 ಕೊಟ್ಟಾಗ ಆ ಚೂರು ಅದನ್ನೂ ಮಾಮೂಲಿ ಅಯೋಡಿನ್ ಅಂತಲೇ ಎಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಅದರಿಂದ ಎರಡು ಬಗೆಯ ವಿಕಿರಣ ಹೊರಡುತ್ತದೆ. ಒಂದು ಬೀಟಾ. ಅದು ಹೆಚ್ಚೆಂದರೆ ಎರಡು ಮಿಲಿಮೀಟರ್ ಸಾಗಿ ಅಲ್ಲೇ ನಿಲ್ಲುತ್ತದೆ. ಕೋಶವನ್ನು ಕೊಲ್ಲುವುದು ಇದೇ. ಇನ್ನೊಂದು ಗಾಮಾ. ಅದು ಮೈಯನ್ನು ದಾಟಿ ಹೊರಗೆ ಬರುತ್ತದೆ. ಆಮೇಲೆ ಸ್ಕ್ಯಾನ್ ತೆಗೆಯಲು ಆಗುವುದು ಇದರಿಂದಲೇ. ಮಕ್ಕಳನ್ನು ದೂರ ಇಡಬೇಕಾದದ್ದೂ ಇದರಿಂದಲೇ.

ಅಯೋಡಿನ್-131 ಎಂಟು ದಿನಕ್ಕೊಮ್ಮೆ ತಾನಾಗಿಯೇ ಅರ್ಧ ಆಗುತ್ತಾ ಹೋಗುತ್ತದೆ. ಹಾಗಂತ ಮೈಯಲ್ಲಿ ಅಷ್ಟು ದಿನ ಉಳಿಯುವುದಿಲ್ಲ. ಗ್ರಂಥಿ ತೆಗೆದವರಲ್ಲಿ ಅದನ್ನು ಹಿಡಿದುಕೊಳ್ಳುವ ಜಾಗ ಬಹಳ ಸಣ್ಣದು. ಹೆಚ್ಚಿನ ಪಾಲು ಮೊದಲ ಎರಡು ದಿನದಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಮೊದಲ ವಾರ ಗಟ್ಟಿಯಾಗಿ ಪಾಲಿಸಿದರೆ ಮುಂದಿನದು ಸುಲಭ ಆಗುವುದು ಇದಕ್ಕೇ.

ಇನ್ನೊಂದು ಮಾತು. ಎಲ್ಲರಿಗೂ ಇದು ಬೇಕಾಗುವುದಿಲ್ಲ. 2022ರಲ್ಲಿ ಫ್ರಾನ್ಸ್‌ನ ವೈದ್ಯರು ಸಣ್ಣ, ಅಪಾಯ ಕಡಿಮೆ ಇರುವ ಗಂಟಿನ 776 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದ ಹೊತ್ತಿಗೆ ಅಯೋಡಿನ್ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಬಯಾಪ್ಸಿ ರಿಪೋರ್ಟ್ ಹಿಡಿದು "ನನಗೆ ಇದು ಯಾಕೆ ಬೇಕು, ಎಷ್ಟು ಡೋಸ್, ಯಾಕೆ ಅಷ್ಟು?" ಅಂತ ಕೇಳಿ. ಅಕ್ಕನಿಗೆ ಕುತ್ತಿಗೆಯ ಗ್ರಂಥಿಗಳಿಗೂ ಹರಡಿತ್ತು. ಅದಕ್ಕೇ 100.

ಮೊದಲು ಉಪ್ಪು, ಆಮೇಲೆ ಮಾತ್ರೆ

ಉಳಿದ ಕೋಶಗಳು ಅಯೋಡಿನ್ ಎಳೆದುಕೊಳ್ಳಬೇಕಾದರೆ ಅವಕ್ಕೆ ಹಸಿವಾಗಿರಬೇಕು. ಹಸಿವು ಹುಟ್ಟಿಸಲು ಎರಡು ಕೆಲಸ ಮಾಡಬೇಕು. ಮೊದಲನೆಯದು, ಥೈರಾಯ್ಡ್ ಕೋಶಗಳನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಅನ್ನುವ ಹಾರ್ಮೋನ್ ರಕ್ತದಲ್ಲಿ ಏರಬೇಕು. ಅದಕ್ಕಾಗಿ ಗ್ರಂಥಿ ತೆಗೆದ ಮೇಲೆ ದಿನಾ ನುಂಗುವ ಥೈರಾಕ್ಸಿನ್ ಮಾತ್ರೆಯನ್ನು ಮೂರರಿಂದ ನಾಲ್ಕು ವಾರ ನಿಲ್ಲಿಸುತ್ತಾರೆ. ಮಾತ್ರೆ ನಿಲ್ಲಿಸದೆ ಇಂಜೆಕ್ಷನ್ ಕೊಟ್ಟು ಏರಿಸುವ ದಾರಿಯೂ ಇದೆ, ಆದರೆ ತುಂಬಾ ದುಬಾರಿ. ಟಿಎಸ್‌ಎಚ್ 30 ದಾಟಿರಬೇಕು ಅನ್ನುವುದು ವಾಡಿಕೆ. ಅಕ್ಕನದು ಮೊದಲ ಸಲ 19 ಬಂತು. ನಿಲ್ಲಿಸುವ ತಾರೀಖು ನಾವೇ ಒಂದು ವಾರ ತಪ್ಪಾಗಿ ಎಣಿಸಿದ್ದೆವು. ಅಯೋಡಿನ್ ಅನ್ನು ತಾರೀಖು ನೋಡಿ ತರಿಸುತ್ತಾರೆ, ಇಟ್ಟಷ್ಟೂ ಅದು ಕಡಿಮೆಯಾಗುತ್ತದೆ. ಹಾಗಾಗಿ ಹತ್ತು ದಿನ ಮುಂದಕ್ಕೆ ಹೋಯಿತು. ಆ ಹತ್ತು ದಿನ ಅವಳಿಗೆ ಮೈಭಾರ, ಚಳಿ, ಮಲಬದ್ಧತೆ, ಮಾತಿಗೆ ಮುಂಚೆ ಅಳು. ನಿಲ್ಲಿಸಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿಂದ ಬರೆದುಬಿಡಿ.

ಎರಡನೆಯದು, ಊಟದಲ್ಲಿ ಅಯೋಡಿನ್ ಕಡಿಮೆ ಮಾಡಬೇಕು. ಒಂದರಿಂದ ಎರಡು ವಾರ. ಅಯೋಡಿನ್ ಉಪ್ಪಿನಿಂದಲೇ ಹೊಟ್ಟೆ ತುಂಬಿಸಿಕೊಂಡ ಕೋಶ ಔಷಧದ ಅಯೋಡಿನ್‌ಗೆ ಬಾಯಿ ತೆರೆಯುವುದಿಲ್ಲ. ನಮ್ಮ ಕಡೆಯವರಿಗೆ ಈ ಊಟ ಅಷ್ಟೇನೂ ಕಷ್ಟ ಅಲ್ಲ. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದೇ ಇಲ್ಲ. ಕಾಳು ಪಲ್ಯ, ತೊಗರಿಬೇಳೆ, ಪುಂಡಿ ಪಲ್ಯ, ಮನೆಯಲ್ಲೇ ಕುಟ್ಟಿದ ಶೇಂಗಾ ಹಿಂಡಿ, ಬೆಲ್ಲ, ಬಾಳೆಹಣ್ಣು ಎಲ್ಲ ನಡೆಯುತ್ತದೆ. ಉಪ್ಪು ಮಾತ್ರ ಅಯೋಡಿನ್ ಇಲ್ಲದ್ದು ಆಗಬೇಕು. ಅಕ್ಕನಿಗೆ ಅಂತ ಬೇರೆ ಡಬ್ಬಿ ಮಾಡಿದೆವು.

ಸೈಂಧವ ಉಪ್ಪು ಅಂದ ಮಾತ್ರಕ್ಕೆ ನಂಬಬೇಡಿ. ನಾನು ತಂದ ಮೊದಲ ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಅಯೋಡಿನ್ ಸೇರಿಸಿದೆ ಅಂತ ಬರೆದಿತ್ತು. ಅಕ್ಕನ ಮಗಳು ಓದಿ ಹೇಳಿದಳು. ಚೀಲದಿಂದ ಅಳೆದು ಕೊಡುವ ಹರಳುಪ್ಪಂತೂ ಬೇಡ, ಅದರ ಮೇಲೆ ಏನೂ ಬರೆದಿರುವುದಿಲ್ಲ.

ಕಷ್ಟ ಆಗುವುದು ಹಾಲು ಮೊಸರಿನಲ್ಲಿ. ಮಜ್ಜಿಗೆ ಇಲ್ಲದ ಊಟ ನಮಗೆ ಊಟ ಅನಿಸುವುದಿಲ್ಲ, ಅಲ್ವಾ? ಆದರೂ ಹಾಲು, ಮೊಸರು, ಬೆಣ್ಣೆ, ಪೇಡಾ, ಕುಂದಾ ಎಲ್ಲ ಬಿಡಬೇಕು. ಮೊಟ್ಟೆಯ ಹಳದಿ, ಸಮುದ್ರದ ಮೀನು ಕೂಡ. ಚಹಾಕ್ಕೆ ಹಾಲಿನ ಬದಲು ಇಂಡಿ ಲಿಂಬೆ ಹಿಂಡಿದೆವು. ತಪ್ಪುವುದು ಹೆಚ್ಚಾಗಿ ಬೇಕರಿಯಲ್ಲಿ. ಟೋಸ್ಟ್, ಖಾರಿ, ಬ್ರೆಡ್, ಅಂಗಡಿಯ ಹಪ್ಪಳ, ಉಪ್ಪಿನಕಾಯಿ, ಚೂಡಾ, ಎಲ್ಲದರಲ್ಲೂ ಅಯೋಡಿನ್ ಉಪ್ಪು ಇರಬಹುದು. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಕೂಡ ಬೇಡ. ಹಿಂದಿನ ಎರಡು ಮೂರು ತಿಂಗಳಲ್ಲಿ ಬಣ್ಣದ ಔಷಧ ಚುಚ್ಚಿ ಸಿ.ಟಿ. ಸ್ಕ್ಯಾನ್ ಮಾಡಿಸಿದ್ದರೆ ಕೇಳುವ ತನಕ ಕಾಯದೆ ನೀವೇ ಹೇಳಿ. ಅದರಲ್ಲಿ ಅಯೋಡಿನ್ ತುಂಬಾ ಇರುತ್ತದೆ. ಡೋಸ್ ಮುಂದಕ್ಕೆ ಹಾಕಬೇಕಾಗಬಹುದು.

ಹೆಂಗಸರಿಗೆ ಡೋಸ್‌ಗೆ ಮೊದಲು ಗರ್ಭ ಪರೀಕ್ಷೆ ಮಾಡಲೇಬೇಕು. ಎದೆಹಾಲು ಕುಡಿಸುವವರು ಕನಿಷ್ಠ ಆರು ವಾರ, ಸಾಧ್ಯವಾದರೆ ಮೂರು ತಿಂಗಳು ಮೊದಲೇ ನಿಲ್ಲಿಸಿರಬೇಕು. ಆ ಮಗುವಿಗೆ ಮತ್ತೆ ಕುಡಿಸುವಂತಿಲ್ಲ. ಹಾಲಿರುವ ಎದೆಯೂ ಅಯೋಡಿನ್ ಎಳೆದುಕೊಳ್ಳುತ್ತದೆ, ಹಾಲಿನಲ್ಲೂ ಬರುತ್ತದೆ.

ವಾರ್ಡಿನ ಎರಡು ರಾತ್ರಿ

ಈ ವಾರ್ಡ್ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಒಬ್ಬರೇ ಇರುವ ಕೋಣೆ, ಅಲ್ಲೇ ಶೌಚಾಲಯ. ಸೀಸದ ಡಬ್ಬಿಯಿಂದ ಒಂದು ಕ್ಯಾಪ್ಸೂಲ್ ತೆಗೆದು ಕೊಟ್ಟರು, ನೀರಿನ ಜೊತೆ ನುಂಗಿದಳು. ಅಷ್ಟೇ. ಆಮೇಲೆ ಕೆಲಸ ಅಂದರೆ ನೀರು ಕುಡಿಯುವುದು, ಮೂತ್ರಕ್ಕೆ ಹೋಗುವುದು. ಎಷ್ಟು ಜಾಸ್ತಿ ಹೋದರೆ ಅಷ್ಟು ಬೇಗ ಮೈ ಖಾಲಿ. ಜೊಲ್ಲು ಗ್ರಂಥಿಗಳೂ ಸ್ವಲ್ಪ ಅಯೋಡಿನ್ ಹಿಡಿಯುತ್ತವೆ. ಅದಕ್ಕೆ ಒಂದು ದಿನ ಕಳೆದ ಮೇಲೆ ಹುಳಿ ಪೆಪ್ಪರಮಿಂಟು ಚೀಪಲು ಹೇಳಿದರು.

ಮೂರನೆಯ ದಿನ ಬೆಳಿಗ್ಗೆ ಒಬ್ಬ ಹುಡುಗ ಮೀಟರ್ ಹಿಡಿದು ಬಂದ. ಒಂದು ಮೀಟರ್ ದೂರದಲ್ಲಿ ನಿಂತು ಓದಿದ. ತಾಸಿಗೆ 20 ಮೈಕ್ರೋಸೀವರ್ಟ್. ಮೈಗೆ ತಾಗುವ ವಿಕಿರಣದ ಅಳತೆ ಅದು. "ಸಾಕ್ರಿ ಅಕ್ಕಾರ, ಮನೀಗೆ ಹೋಗಬಹುದು. ಆದ್ರ ಸಣ್ಣ ಹುಡುಗರಿಂದ ಒಂದು ಮಾರು ದೂರ ಇರ್ರಿ" ಅಂದ. ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಸುಮಾರು ಆರು ಅಡಿ. ಆ ಮಾತು ಅಕ್ಕನ ಅತ್ತೆಗೂ ಥಟ್ಟನೆ ಅರ್ಥವಾಯಿತು. ಬಿಡುಗಡೆ ಹಾಳೆಯಲ್ಲಿ ಈ ಮೀಟರ್ ಓದು ಬರೆಸಿಕೊಳ್ಳುವುದನ್ನು ಮರೆಯಬೇಡಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ದೂರದ ಲೆಕ್ಕ

ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ಅರ್ಧ ಆದರೆ ನಾಲ್ಕು ಪಟ್ಟು ಏರುತ್ತದೆ. ಒಂದು ಮೀಟರ್‌ನಲ್ಲಿ 20 ಇದ್ದರೆ ಎರಡು ಮೀಟರ್‌ನಲ್ಲಿ 5, ಅರ್ಧ ಮೀಟರ್‌ನಲ್ಲಿ 80. ಸಾಮಾನ್ಯ ಜನರಿಗೆ ಇಂಥ ಮೂಲಗಳಿಂದ ಇಡೀ ವರ್ಷಕ್ಕೆ ಹಾಕಿರುವ ಮಿತಿ 1000 ಮೈಕ್ರೋಸೀವರ್ಟ್.

ಈಗ ಊರಿಗೆ ಬರುವ ದಾರಿ ನೋಡಿ. ನಮ್ಮದು ನಾಲ್ಕು ತಾಸಿನ ಪ್ರಯಾಣ. ಬಸ್ಸಿನಲ್ಲಿ ಬಂದಿದ್ದರೆ ಪಕ್ಕದ ಸೀಟಿನವರು ಅರ್ಧ ಮೀಟರ್ ದೂರದಲ್ಲಿ ಇರುತ್ತಿದ್ದರು. ನಾಲ್ಕು ತಾಸಿಗೆ 320. ಅವರು ಬಸುರಿ ಆಗಿದ್ದರೆ? ನಮಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಕಾರು ಮಾಡಿದೆವು. ಅಕ್ಕ ಹಿಂದಿನ ಸೀಟಿನಲ್ಲಿ ಎಡಗಡೆ ಮೂಲೆಗೆ ಕೂತಳು. ಬಲಗಡೆ ಮುಂದೆ ಕೂತ ಡ್ರೈವರ್‌ಗೆ ಒಂದು ಮೀಟರ್‌ಗಿಂತ ಜಾಸ್ತಿ ಅಂತರ. ಅವನಿಗೆ 80ಕ್ಕಿಂತ ಕಡಿಮೆ. ನಾನು ಬೇರೆ ಗಾಡಿಯಲ್ಲಿ ಬಂದೆ. ಹೊರಡುವ ಮೊದಲು ಮೂತ್ರಕ್ಕೆ ಹೋಗಿ ಬನ್ನಿ, ದಾರಿಯಲ್ಲಿ ಒಂದು ಸಲ ಮುಚ್ಚಿದ ಶೌಚಾಲಯದಲ್ಲಿ ನಿಲ್ಲಿಸಿ. ರಸ್ತೆ ಬದಿ ಕೂರುವುದು ಬೇಡ.

ಮಗುವಿನ ಲೆಕ್ಕ ಹಾಕಿದಾಗ ನನಗೇ ಗಾಬರಿ ಆಯಿತು. ಮೂರು ವರ್ಷದ ಹುಡುಗ ಅವ್ವನ ಮಗ್ಗುಲಿಗೆ ಅಂಟಿಕೊಂಡೇ ಮಲಗುವವನು. ಕಾಲು ಮೀಟರ್ ಅಂತ ಹಿಡಿದರೆ ತಾಸಿಗೆ 320. ಎಂಟು ತಾಸಿನ ನಿದ್ದೆಗೆ, ರಾತ್ರಿಯಿಡೀ ಇಳಿಯುತ್ತಾ ಹೋಗುವುದನ್ನು ಕಳೆದರೂ, 2000ದ ಆಸುಪಾಸು. ಇದು ಒರಟು ಲೆಕ್ಕ. ಮೈ ಒಂದು ಚುಕ್ಕೆಯಲ್ಲ, ಹಾಗಾಗಿ ನಿಜವಾದ ಓದು ಸ್ವಲ್ಪ ಕಡಿಮೆ ಇರುತ್ತದೆ. ಆದರೂ ಒಂದೇ ರಾತ್ರಿಯಲ್ಲಿ ವರ್ಷದ ಮಿತಿ ದಾಟಬಹುದು ಅಂತಾಯಿತು. ಅದೇ ಹುಡುಗ ಅಂಗಳದಲ್ಲಿ ಎರಡು ಮೀಟರ್ ದೂರ ನಿಂತು ಹತ್ತು ನಿಮಿಷ ಮಾತಾಡಿದರೆ ಒಂದು ಮೈಕ್ರೋಸೀವರ್ಟ್ ಕೂಡ ಆಗುವುದಿಲ್ಲ. ಹಾದು ಹೋಗುವುದಕ್ಕೆ, ನಾಲ್ಕು ಮಾತಾಡುವುದಕ್ಕೆ ಭಯ ಬೇಡ. ಭಯ ಬೇಕಾದದ್ದು ತಾಸುಗಟ್ಟಲೆ ಹತ್ತಿರ ಇರುವುದಕ್ಕೆ, ಅದರಲ್ಲೂ ನಿದ್ದೆಗೆ.

ಮನೆಯೊಳಗಿನ ಏರ್ಪಾಡು

ಅಕ್ಕನಿಗೆ ಅಡುಗೆಮನೆಯಿಂದ ದೂರದ ಮೂಲೆಕೋಣೆ ಬಿಟ್ಟೆವು. ಒಂದೂವರೆ ಅಡಿ ಕಲ್ಲಿನ ಗೋಡೆ ಗಾಮಾವನ್ನು ಬಹುಪಾಲು ತಡೆಯುತ್ತದೆ. ಪತ್ರಾಸಿನ ಗೋಡೆ, ಬಟ್ಟೆಯ ಪರದೆ ಏನೂ ತಡೆಯುವುದಿಲ್ಲ. ಅಂಥ ಮನೆಯಾದರೆ ಗೋಡೆ ಲೆಕ್ಕಕ್ಕೇ ಇಲ್ಲ ಅಂತ ತಿಳಿದು ಆಚೆ ಈಚೆ ಹಾಸಿಗೆಗಳ ನಡುವೆ ಒಂದು ಮಾರು ಬಿಡಿ. ಒಂದೇ ಕೋಣೆಯ ಮನೆಯಾದರೆ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುವುದೇ ಒಳ್ಳೆಯದು. ನಾವು ಸಣ್ಣವನನ್ನು ಎರಡು ವಾರ ನಮ್ಮ ಅವ್ವನ ಹತ್ತಿರ ಬಿಟ್ಟೆವು. ಒಂಬತ್ತು ವರ್ಷದವಳಿಗೆ ಬಾಗಿಲ ಎದುರು ಸೀಮೆಸುಣ್ಣದ ಗೆರೆ ಎಳೆದು ಕೊಟ್ಟೆವು. ಅವಳು ಗೆರೆಯ ಆಚೆ ಕೂತು ಮನೆಪಾಠ ಓದಿ ಹೇಳುತ್ತಿದ್ದಳು. ಗಂಡ ಒಂದು ವಾರ ಬೇರೆ ಮಲಗಿದರು. ಬಸುರಿಯರು, ಮಕ್ಕಳ ವಿಷಯದಲ್ಲಿ ಸಾಮಾನ್ಯವಾಗಿ ಎರಡರಿಂದ ಮೂರು ವಾರ ಹೇಳುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಎಕ್ಸ್‌ರೇ ಬಿದ್ದ ಗೋಡೆ ಹೇಗೆ ವಿಷವಾಗುವುದಿಲ್ಲವೋ ಹಾಗೆ ಅಕ್ಕ ಕೂತ ಕುರ್ಚಿಯೂ ಗಾಮಾದಿಂದ ಏನೂ ಆಗುವುದಿಲ್ಲ. ವಸ್ತುವಿಗೆ ಅಂಟುವುದು ಮೈಯಿಂದ ಹೊರಬರುವ ಅಯೋಡಿನ್. ಅದು ಇರುವುದು ಮೂತ್ರ, ಜೊಲ್ಲು, ಬೆವರಿನಲ್ಲಿ. ಹಾಗಾಗಿ ದೂರ ಒಂದು ಲೆಕ್ಕ, ಒದ್ದೆ ಇನ್ನೊಂದು ಲೆಕ್ಕ.

ಒದ್ದೆಯಲ್ಲಿ ಮೊದಲನೆಯದು ಶೌಚಾಲಯ. ಮೊದಲ ವಾರ ಗಂಡಸರೂ ಕೂತೇ ಮೂತ್ರ ಮಾಡಬೇಕು, ಸಿಡಿಯಬಾರದು. ಫ್ಲಶ್ ಇದ್ದರೆ ಎರಡು ಸಲ ಒತ್ತಿ. ನಮ್ಮಲ್ಲಿ ಫ್ಲಶ್ ಇರಲಿಲ್ಲ, ಎರಡು ಬಕೆಟ್ ನೀರು ಸುರಿಯುತ್ತಿದ್ದಳು. ಜೋರಾಗಿ ಎರಚದೆ ಅಂಚಿನಿಂದ ಇಳಿಬಿಡಬೇಕು. ಆಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಬಯಲಿಗೆ ಹೋಗುವುದು, ಬಚ್ಚಲಲ್ಲೇ ಮೂತ್ರ ಮಾಡುವುದು ಸುತರಾಂ ಬೇಡ. ಬಚ್ಚಲ ನೀರು ಹಿತ್ತಲದ ಗಿಡಗಳಿಗೆ ಹರಿಯುವ ಮನೆಗಳು ನಮ್ಮಲ್ಲಿ ಜಾಸ್ತಿ.

ಎರಡನೆಯದು ಜೊಲ್ಲು. ಎಲೆ ಅಡಿಕೆ, ತಂಬಾಕು ಹಾಕುವವರಿಗೆ ಇದು ಮುಖ್ಯ. ಅಂಗಳದಲ್ಲಿ ಉಗುಳಬೇಡಿ. ಆ ಹದಿನೈದು ದಿನ ಬಿಟ್ಟೇಬಿಡಿ. ತಾಟು, ಗ್ಲಾಸು, ಚಮಚ, ಟವೆಲ್ ಬೇರೆ ಇರಲಿ. ಬೇರೆಯಾಗಿ ತೊಳೆದರೆ ಸಾಕು, ಎಸೆಯಬೇಕಿಲ್ಲ. ಬಟ್ಟೆ ಹಾಸಿಗೆ ಬೇರೆ ಬಕೆಟ್‌ನಲ್ಲಿ ಒಗೆಯಿರಿ. ಹೊಳೆಗೆ ಒಯ್ಯಬೇಡಿ.

ಮೂರನೆಯದು ಬೆವರು. ನಾಲ್ಕನೆಯ ದಿನ ಅಕ್ಕ ಅಡುಗೆಮನೆಗೆ ಬಂದು ಪರಾತದಲ್ಲಿ ಹಿಟ್ಟು ನಾದಲು ಶುರು ಮಾಡಿಬಿಟ್ಟಿದ್ದಳು. ಸುಮ್ನೆ ಕೂತು ಬೇಸರ ಬಂದಿತ್ತು. ಅತ್ತೆ ಬಾಗಿಲಲ್ಲೇ ನಿಂತು, "ಏಳವ್ವಾ, ಕೈ ಬೆವರು ಹಿಟ್ಟಿಗೆ ಇಳೀತದ" ಅಂದರು. ಅವರು ಹೇಳಿದ್ದು ಸರಿ. ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿದು ಬಡಿದು ತಟ್ಟುವ ಅಡುಗೆ ನಮ್ಮದು, ಒಲೆ ಮುಂದೆ ಬೆವರು ಧಾರಾಕಾರ. ಕನಿಷ್ಠ ಒಂದು ವಾರ ಬೇರೆಯವರ ಊಟಕ್ಕೆ ಕೈ ಹಾಕಬೇಡಿ. ನಾದಿದ ಆ ಹಿಟ್ಟಿನ ರೊಟ್ಟಿಯನ್ನು ಅವಳೇ ತಿಂದಳು. ದಿನಾ ಸ್ನಾನ ಮಾಡಬೇಕು, ಹಾಸಿಗೆ ಬಟ್ಟೆ ಬದಲಿಸುತ್ತಿರಬೇಕು.

ಆ ವಾರದಲ್ಲಿ ಮುಟ್ಟಾದರೆ ಪ್ಯಾಡ್‌ಗಳನ್ನು ಮನೆಯ ಕಸಕ್ಕೆ ಹಾಕಬೇಡಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಾರೀಖು ಬರೆದು, ಮಕ್ಕಳು ನಾಯಿಗಳು ಮುಟ್ಟದ ಮೂಲೆಯಲ್ಲಿ 80 ದಿನ ಇಡಿ. ಹತ್ತು ಸಲ ಅರ್ಧ ಆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಆಮೇಲೆ ಮಾಮೂಲಿ ಕಸ.

ಯಾವಾಗ ಫೋನ್ ಮಾಡಬೇಕು

ಐದನೆಯ ದಿನ ಅಕ್ಕನಿಗೆ ಕಿವಿಯ ಕೆಳಗೆ ಊತ ಬಂತು, ಊಟಕ್ಕೆ ಕೂತಾಗ ನೋವು. ಜೊಲ್ಲು ಗ್ರಂಥಿಗೆ ವಿಕಿರಣ ತಾಗಿದ್ದರ ಗುರುತು ಅದು. ವಾರ್ಡಿಗೆ ಫೋನ್ ಮಾಡಿದೆವು. ನೀರು ಜಾಸ್ತಿ, ಹುಳಿ, ಕೆನ್ನೆಯನ್ನು ಕಿವಿಯಿಂದ ಬಾಯಿ ಕಡೆಗೆ ಮೆಲ್ಲಗೆ ತೀಡುವುದು. ಮೂರು ದಿನಕ್ಕೆ ಇಳಿಯಿತು. ಇಳಿಯದಿದ್ದರೆ, ಜ್ವರ ಬಂದರೆ ತೋರಿಸಬೇಕು. ಕುತ್ತಿಗೆ ಊದಿ ಉಸಿರಾಟಕ್ಕೆ ತೊಂದರೆಯಾದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ಬಾಗಿಲಲ್ಲೇ ಅಯೋಡಿನ್ ತೆಗೆದುಕೊಂಡ ತಾರೀಖು ಹೇಳಿ. ವಿಕಿರಣ ಇದೆ ಅಂತ ಯಾರೂ ತುರ್ತು ಚಿಕಿತ್ಸೆ ತಡ ಮಾಡಬೇಕಾಗಿಲ್ಲ. ಮನೆಯಲ್ಲಿ ವಾಂತಿಯಾದರೆ ಕೈಗವಸು ಹಾಕಿ, ಕಾಗದದಿಂದ ಎತ್ತಿ ಚೀಲಕ್ಕೆ ಹಾಕಿ, ಅದನ್ನೂ ಪ್ಯಾಡ್‌ಗಳ ಹಾಗೆಯೇ ಕಟ್ಟಿಡಿ.

ಥೈರಾಕ್ಸಿನ್ ಮಾತ್ರೆ ಯಾವ ದಿನದಿಂದ ಮತ್ತೆ ಶುರು ಅಂತ ಬಿಡುಗಡೆ ಹಾಳೆಯಲ್ಲೇ ಇರಬೇಕು. ಇಲ್ಲದಿದ್ದರೆ ಕೇಳಿ ಬರೆಸಿ. ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಶುರು ಮಾಡುತ್ತಾರೆ. ಮಜ್ಜಿಗೆಯೂ ಅಷ್ಟೇ, ಅವರು ಹೇಳಿದ ದಿನದಿಂದ.

ಒಂದು ವಾರದ ಸುಮಾರಿಗೆ ಇಡೀ ಮೈಯ ಸ್ಕ್ಯಾನ್‌ಗೆ ಕರೆದರು. ನುಂಗಿದ ಅಯೋಡಿನ್ ಎಲ್ಲೆಲ್ಲಿ ನಿಂತಿದೆ ಅಂತ ಅದರಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಅಕ್ಕನ ಕುತ್ತಿಗೆಯಲ್ಲಿ ಎರಡು ಚುಕ್ಕೆ ಇದ್ದವು. ಹೊಟ್ಟೆ, ಮೂತ್ರಕೋಶದಲ್ಲೂ ಕಪ್ಪಿತ್ತು. ಅದನ್ನು ನೋಡಿ ಅವಳು ಅತ್ತುಬಿಟ್ಟಳು. ಅದು ಹೊರಗೆ ಹೋಗುವ ದಾರಿಯಲ್ಲಿದ್ದ ಅಯೋಡಿನ್, ಹರಡಿದ ರೋಗವಲ್ಲ. ಕುತ್ತಿಗೆಯ ಚುಕ್ಕೆಯೂ ಔಷಧ ಸೇರಬೇಕಾದಲ್ಲಿಗೆ ಸೇರಿತು ಅನ್ನುವ ಗುರುತು. ಕೋಶಗಳು ಸತ್ತವೋ ಇಲ್ಲವೋ ಅನ್ನುವುದು ಆ ದಿನ ಗೊತ್ತಾಗುವುದಿಲ್ಲ. ಅದಕ್ಕೆ ತಿಂಗಳುಗಳ ಮೇಲೆ ಥೈರೋಗ್ಲೋಬುಲಿನ್ ಅನ್ನುವ ರಕ್ತ ಪರೀಕ್ಷೆ, ಕುತ್ತಿಗೆಯ ಸ್ಕ್ಯಾನಿಂಗ್ ಮಾಡುತ್ತಾರೆ.

ಹೆಂಗಸರು ಆರು ತಿಂಗಳಿಂದ ಒಂದು ವರ್ಷ ಬಸುರಿ ಆಗಬಾರದು. ಗಂಡಸರಿಗೂ ಕೆಲವು ತಿಂಗಳ ತಡೆ ಹೇಳುತ್ತಾರೆ. ಬೆಳಗಾವಿಯ ಸಾಂಬ್ರಾದಿಂದ ವಿಮಾನ ಹತ್ತುವವರು ಮೂರು ತಿಂಗಳ ತನಕ ಡೋಸ್ ತೆಗೆದುಕೊಂಡ ಪತ್ರ ಜೊತೆಗೆ ಇಟ್ಟುಕೊಳ್ಳಿ. ವಿಕಿರಣ ಹಿಡಿಯುವ ಯಂತ್ರ ಇದ್ದಲ್ಲಿ ಅಷ್ಟು ದಿನದ ತನಕವೂ ಕೂಗಬಹುದು.

ಹದಿನೈದನೆಯ ದಿನ ಸಣ್ಣವನನ್ನು ಕರೆದುಕೊಂಡು ಹೋದೆ. ಅವನು ಬಾಗಿಲಲ್ಲಿ ಸೀಮೆಸುಣ್ಣದ ಗೆರೆ ನೋಡಿ ನಿಂತ. ಅಕ್ಕ ಒದ್ದೆ ಬಟ್ಟೆ ತಂದು ಗೆರೆ ಒರೆಸಿದಳು.